ಮಾವಿನ ತೋಟಕ್ಕಾಗಿ ಮಣ್ಣಿನ ಗುಂಡಿ ಪರಿಶೀಲನೆ: ವರದಿ

ಸ್ಥಳ: ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ
ವಿಸ್ತೀರ್ಣ: 4 ಎಕರೆ 20 ಗುಂಟೆ, ಕೆರೆ ಕಡೆಗೆ ಇಳಿಜಾರು
ಗುಂಡಿ ನೋಡಿದ ದಿನ: 18 ಮಾರ್ಚ್ 2025, ಒಣ ಹವೆ
ಗುಂಡಿಗಳು: 3 (ಮೇಲೆ, ನಡುವೆ, ಕೆಳಗೆ), ಜೆಸಿಬಿಯಲ್ಲಿ 1.5 ಮೀಟರ್ ಆಳದವರೆಗೆ ತೋಡಿದ್ದು
ಹಿಂದಿನ ಬೆಳೆ: ಮೊದಲು ನೀಲಗಿರಿ, ಅದನ್ನು ತೆಗೆಸಿದ ಮೇಲೆ ರಾಗಿ, ಅಕ್ಕಡಿಯಲ್ಲಿ ತೊಗರಿ

ಮೊದಲು ನಿಮಗೆ ಬೇಕಾದ ಮಾತು ಹೇಳಿಬಿಡುತ್ತೇನೆ. ಮೇಲಿನ ಮತ್ತು ನಡುವಿನ ಭಾಗ, ಒಟ್ಟು 3 ಎಕರೆ 10 ಗುಂಟೆ, ಮಾವಿಗೆ ಆಗುತ್ತದೆ. ಎರಡು ಕೆಲಸ ಮಾಡಿಕೊಂಡರೆ ಚೆನ್ನಾಗಿಯೇ ಆಗುತ್ತದೆ. ಕೆರೆ ಪಕ್ಕದ 1 ಎಕರೆ 10 ಗುಂಟೆಯಲ್ಲಿ ಮಾವು ಬೇಡ. ನೋಡೋಕೆ ಇಡೀ ಹೊಲದಲ್ಲಿ ಅದೇ ಒಳ್ಳೆ ಮಣ್ಣು, ಕಲ್ಲಿಲ್ಲ, ಮೆತ್ತಗಿದೆ ಅಂತ ನೀವು ಹೇಳಿದ್ದು ನಿಜ. ಆದರೆ ತೊಂದರೆ ಇರುವುದು ಎರಡು ಅಡಿ ಕೆಳಗೆ.

ಗುಂಡಿ 1: ಮೇಲಿನ ಭಾಗ (1 ಎಕರೆ 20 ಗುಂಟೆ)

ಇಳಿಜಾರು ನೂರು ಅಡಿಗೆ ಸುಮಾರು ಮೂರು ಅಡಿ. ಕೋಲಾರದ ಕಡೆ ಸಾಮಾನ್ಯವಾಗಿ ಸಿಗುವ ಕೆಂಪು ಮಣ್ಣು. ಕೆಳಗಿರುವ ನೈಸ್ ಬಂಡೆ ಕೊಳೆತು ಆಗಿದ್ದು.

0–17 ಸೆಂ.ಮೀ. ಉಳುಮೆಯ ಪದರ. ಕೆಂಪು ಮಿಶ್ರಿತ ಕಂದು, ಮರಳು ಮಿಶ್ರಿತ ಗೋಡು. ಒದ್ದೆ ಮಾಡಿ ಬೆರಳಲ್ಲಿ ಒತ್ತಿದರೆ ಪಟ್ಟಿ ಎರಡು ಸೆಂಟಿಮೀಟರ್ ಬಂದು ಮುರಿಯುತ್ತದೆ. ಬೆಣಚುಕಲ್ಲಿನ ಚೂರು ಹತ್ತರಲ್ಲಿ ಒಂದು ಪಾಲು. ಸಣ್ಣ ಬೇರು ತುಂಬಾ. ಪಿಎಚ್ 6.4.

17–28 ಸೆಂ.ಮೀ. ಗಟ್ಟಿ ಪದರ. ಬಣ್ಣ ಹೆಚ್ಚುಕಮ್ಮಿ ಅದೇ, ಆದರೆ ಚಾಕು ಇಳಿಯುವುದಿಲ್ಲ. ಮಣ್ಣು ಹಲ್ಲೆ ಹಲ್ಲೆಯಾಗಿ, ಮಲಗಿಸಿದ ಹೆಂಚಿನ ಹಾಗೆ ಬಿಡುತ್ತದೆ. ಬೇರು ತೀರಾ ಕಡಿಮೆ.

28–62 ಸೆಂ.ಮೀ. ಕಡು ಕೆಂಪು, ಜೇಡಿ ಜಾಸ್ತಿ. ಹೆಂಟೆ ಒಡೆದರೆ ಮುಖದ ಮೇಲೆ ನುಣ್ಣನೆ ಮಿರುಗುವ ಜೇಡಿಯ ಪೊರೆ ಕಾಣುತ್ತದೆ. ಮೇಲಿಂದ ನೀರಿನ ಜೊತೆ ಇಳಿದು ಕೂತ ಜೇಡಿ ಅದು. ನೀರು, ಗೊಬ್ಬರ ಹಿಡಿದಿಡುವುದು ಈ ಪದರವೇ. ಪಿಎಚ್ 6.5. ಹೆಬ್ಬೆರಳು ಗಾತ್ರದ ಹಳೇ ನೀಲಗಿರಿ ಬೇರು ನಾಲ್ಕು, ಎರಡರಲ್ಲಿ ಗೆದ್ದಲು.

62–105 ಸೆಂ.ಮೀ. ಅದೇ ಕೆಂಪು, ನೊರಜು ನೂರಕ್ಕೆ ಸುಮಾರು 30 ಭಾಗ. ಸಣ್ಣ ಬೇರು ಅಲ್ಲೊಂದು ಇಲ್ಲೊಂದು.

105–150 ಸೆಂ.ಮೀ. ಗರಸು. ಕೊಳೆತ ಬಂಡೆ, ಬಿಳಿ ಕಪ್ಪು ಪಟ್ಟೆ ಇನ್ನೂ ಗೊತ್ತಾಗುತ್ತದೆ. ಗುದ್ದಲಿಗೆ ಒಡೆಯುತ್ತದೆ. ಸೀಳುಗಳಲ್ಲಿ ನೀಲಗಿರಿ ಬೇರು ಇಳಿದಿದೆ. ಮಾವಿನ ಬೇರಿಗೂ ದಾರಿ ಇದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈ ಗುಂಡಿಯಲ್ಲಿ ಬೂದು ಬಣ್ಣ ಎಲ್ಲೂ ಇಲ್ಲ, ತುಕ್ಕಿನ ಕಲೆ ಇಲ್ಲ. ನೀರು ನಿಂತ ಗುರುತಿಲ್ಲ.

ಆ ತೊಗರಿ ಬೇರಿನ ವಿಚಾರ

ಗುಂಡಿಯ ಅಂಚಿನಲ್ಲಿ ಹೋದ ವರ್ಷದ ತೊಗರಿ ಕೂಳೆ ಒಂದನ್ನು ಬಿಡಿಸಿ ನಿಮಗೆ ತೋರಿಸಿದ್ದೆ, ನೆನಪಿದೆ ಅಲ್ವಾ? ತಾಯಿಬೇರು 18 ಸೆಂಟಿಮೀಟರ್‌ವರೆಗೆ ನೆಟ್ಟಗೆ ಇಳಿದು, ಅಲ್ಲಿಂದ ಮೊಣಕೈ ಮಡಚಿದ ಹಾಗೆ ತಿರುಗಿ, ಒಂದು ಗೇಣು ಅಡ್ಡಕ್ಕೇ ಓಡಿತ್ತು. ತೊಗರಿ ಅಂದರೆ ಬೇರಿಗೆ ಜಾಗ ಸಿಕ್ಕರೆ ಆಳಕ್ಕೆ ಹೋಗುವ ಜಾತಿ. ಅದೇ ಇಲ್ಲಿ ಸೋತಿದೆ. ಸುತ್ತ ಇನ್ನೂ ಮೂರು ಕೂಳೆ ಕಿತ್ತು ನೋಡಿದೆ. ಮೂರೂ ಹಾಗೇ.

ಇದು ಹುಟ್ಟಾ ಇದ್ದ ದೋಷ ಅಲ್ಲ. ವರ್ಷಾ ವರ್ಷ ಒಂದೇ ಆಳಕ್ಕೆ ಟ್ರ್ಯಾಕ್ಟರ್ ಉಳುಮೆ ಮಾಡಿ, ಅದರಲ್ಲೂ ಮಣ್ಣು ಹಸಿ ಇರುವಾಗ ಓಡಿಸಿ, ನೇಗಿಲಿನ ತಳ ಒತ್ತಿ ಒತ್ತಿ ಆದ ಹಲಗೆ. ಮುರಿದರೆ ಮುಗಿಯಿತು. ಮುರಿಯದೆ ಗಿಡ ಇಟ್ಟರೆ ಗುಂಡಿಯಿಂದ ಆಚೆ ಹೊರಟ ಬೇರು ಮೇಲಿನ ಅರ್ಧ ಅಡಿಯಲ್ಲೇ ಹರಡುತ್ತದೆ. ಬೇಸಿಗೆ ಬಂದಾಗ ಮೊದಲು ಬಾಡುವುದು ಅಂಥ ಮರ.

ಗುಂಡಿ 2: ನಡುವಿನ ಭಾಗ (1 ಎಕರೆ 30 ಗುಂಟೆ)

0–15 ಸೆಂ.ಮೀ. ಉಳುಮೆಯ ಪದರ. ಗುಂಡಿ 1ರಂತೆಯೇ, ಸ್ವಲ್ಪ ಮರಳು ಜಾಸ್ತಿ. 15–25ರಲ್ಲಿ ಅದೇ ಗಟ್ಟಿ ಹಲಗೆ.

25–46 ಸೆಂ.ಮೀ. ಕೆಂಪು ಜೇಡಿ. ಪಿಎಚ್ 6.6. ಬೇರು ಸಾಧಾರಣ.

46–84 ಸೆಂ.ಮೀ. ಬೆಣಚುಕಲ್ಲಿನ ಸಾಲು. ಅರ್ಧಕ್ಕಿಂತ ಹೆಚ್ಚು ಕಲ್ಲೇ, ನೆಲ್ಲಿಕಾಯಿಯಿಂದ ನಿಂಬೆಹಣ್ಣಿನ ಗಾತ್ರದವರೆಗೆ. ಸಂದಿನಲ್ಲಿ ಕೆಂಪು ಮಣ್ಣು. ಬೇರು ಕಲ್ಲುಗಳ ಮಧ್ಯೆ ನುಸುಳಿ ಕೆಳಗೆ ಹೋಗಿದೆ, ಸಂಖ್ಯೆ ಕಡಿಮೆ.

84–130 ಸೆಂ.ಮೀ. ಮತ್ತೆ ಕೆಂಪು ಜೇಡಿ, ನೊರಜು ಕಡಿಮೆ. ಅದರ ಕೆಳಗೆ ಗರಸು.

ಕಲ್ಲು ಕಂಡು ಗಾಬರಿ ಬೇಡ. ಬೇರನ್ನು ಇದು ತಡೆಯುತ್ತಿಲ್ಲ. ಆದರೆ ಕಲ್ಲು ನೀರು ಹಿಡಿಯುವುದಿಲ್ಲ. ಮೇಲಿನ ಒಂದು ಮೀಟರ್ ಮಣ್ಣು ಗಿಡಕ್ಕೆ ಕೊಡಬಲ್ಲ ನೀರು ಗುಂಡಿ 1ರಲ್ಲಿ ಸುಮಾರು 110 ಮಿ.ಮೀ., ಇಲ್ಲಿ 75ರ ಆಸುಪಾಸು ಅಂತ ನನ್ನ ಅಂದಾಜು. ಕೈಯಲ್ಲಿ ಮುಟ್ಟಿ, ಕಲ್ಲಿನ ಪಾಲು ಕಳೆದು ಹಾಕಿದ ಲೆಕ್ಕ, ಲ್ಯಾಬ್ ಲೆಕ್ಕವಲ್ಲ. ಹಾಗಾಗಿ ಮೊದಲ ಎರಡು ಮೂರು ಬೇಸಿಗೆ ಈ ಭಾಗದ ಗಿಡಗಳಿಗೆ ಡ್ರಿಪ್ ಬಿಡುವಾಗ ಒಂದೇ ಸಲ ಜಾಸ್ತಿ ಕೊಡಬೇಡಿ. ಸ್ವಲ್ಪ ಸ್ವಲ್ಪ, ಪದೇ ಪದೇ ಕೊಡಿ. ವಾಲ್ವ್ ಬೇರೆ ಇಟ್ಟುಕೊಂಡರೆ ಅನುಕೂಲ.

ಗುಂಡಿ 3: ಕೆರೆ ಪಕ್ಕ (1 ಎಕರೆ 10 ಗುಂಟೆ)

0–20 ಸೆಂ.ಮೀ. ಕಂದು, ಮರಳು ಮಿಶ್ರಿತ ಗೋಡು. ಮೇಲಿಂದ ಕೊಚ್ಚಿ ಬಂದ ಮಣ್ಣು. ಬೇರು ತುಂಬಾ, ಎರೆಹುಳು ಕೂಡ ಇವೆ. ಪಿಎಚ್ 6.9.

20–48 ಸೆಂ.ಮೀ. ಬಣ್ಣ ಮಾಸಿದ ಕಂದು. 35ರಿಂದ ಕೆಳಗೆ ಸಣ್ಣ ತುಕ್ಕಿನ ಕಲೆ ಶುರು. ಬೇರು ಕಡಿಮೆಯಾಗುತ್ತಾ ಹೋಗುತ್ತದೆ.

48–90 ಸೆಂ.ಮೀ. ಬೂದು ಜೇಡಿ. ಪಟ್ಟಿ ಐದಾರು ಸೆಂಟಿಮೀಟರ್ ಮುರಿಯದೆ ಬರುತ್ತದೆ. ಮೂರರಲ್ಲಿ ಒಂದು ಪಾಲು ಕಿತ್ತಳೆ ತುಕ್ಕಿನ ಕಲೆ. ಮೆಣಸಿನ ಕಾಳಿನಂಥ ಕಪ್ಪು ಉಂಡೆ ಅಲ್ಲಲ್ಲಿ, ಉಗುರಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಕಬ್ಬಿಣ, ಮ್ಯಾಂಗನೀಸ್ ಸೇರಿ ಆದ ಉಂಡೆ ಅದು. 55 ಸೆಂ.ಮೀ. ಕೆಳಗೆ ಜೀವಂತ ಬೇರು ಒಂದೂ ಇಲ್ಲ. ಸತ್ತ ಬೇರಿನ ಕಾಲುವೆ ಮೂರು ಕಂಡವು. ಕಾಲುವೆಯ ಸುತ್ತ ಬೂದು, ಅದರಾಚೆ ತುಕ್ಕಿನ ಬಳೆ.

90–140 ಸೆಂ.ಮೀ. ಬೂದು ಜೇಡಿಯಲ್ಲಿ ಸುಣ್ಣದ ಹರಳು. ಆಸಿಡ್ ಹನಿ ಹಾಕಿದರೆ ನೊರೆ ಬರುತ್ತದೆ. ಪಿಎಚ್ 8.3. ಬೇರಿಲ್ಲ.

ನಾನು ಹೋದ ದಿನ ಈ ಗುಂಡಿಯಲ್ಲಿ ಒಂದು ಹನಿ ನೀರಿರಲಿಲ್ಲ. "ಎಲ್ಲಿದೆ ಸಾರ್ ಜೌಗು?" ಅಂತ ನೀವು ನಕ್ಕಿರಿ. ನಗುವಂಥದ್ದೇ, ಮಾರ್ಚ್‌ನಲ್ಲಿ ಎಲ್ಲ ಗುಂಡಿಯೂ ಒಣಗಿರುತ್ತದೆ. ಆದರೆ ಮಣ್ಣು ಕೆಂಪಗಿರುವುದು ಅದರ ಕಬ್ಬಿಣಕ್ಕೆ ಗಾಳಿ ಸಿಗುವುದರಿಂದ. ವಾರಗಟ್ಟಲೆ ನೀರು ತುಂಬಿ ಗಾಳಿ ನಿಂತರೆ ಕಬ್ಬಿಣ ಕರಗಿ ಸರಿದು ಹೋಗುತ್ತದೆ, ಬೂದು ಉಳಿಯುತ್ತದೆ. ನೀರು ಇಳಿದಾಗ ಗಾಳಿ ಬಂದ ಕಡೆ ತುಕ್ಕಾಗಿ ಕೂರುತ್ತದೆ. ಇಷ್ಟು ಬೂದು, ಇಷ್ಟು ತುಕ್ಕು ಒಂದು ಮಳೆಗಾಲದಲ್ಲಿ ಆಗುವುದಲ್ಲ. ನಿಮ್ಮ ತಾಯಿಯವರು ಕಾಫಿ ಕೊಡುವಾಗ ಸುಮ್ನೆ ಮಾತಿಗೆ ಅಂದರು, "ಕೆರೆ ತುಂಬಿದ ವರ್ಷ ಅಲ್ಲಿ ರಾಗಿ ಅರಿಶಿನ ಹಚ್ಚಿದಂಗೆ ಆಗ್ತಿತ್ತಪ್ಪ" ಅಂತ. ಗುಂಡಿ ಹೇಳಿದ್ದೂ ಅದನ್ನೇ.

ಇನ್ನೊಂದು ಮಾತು. ವರ್ಷಗಳ ಹಿಂದೆ ಬೇರೆ ಕಡೆ ಇಂಥದ್ದೇ ಒಣ ಗುಂಡಿ ನೋಡಿ, ಕಲೆಗಳನ್ನು ಹಗುರವಾಗಿ ತೆಗೆದುಕೊಂಡು ಸರಿ ಅಂದಿದ್ದೆ. ನಾಲ್ಕನೇ ವರ್ಷಕ್ಕೆ ಕೆಳಗಿನ ಎರಡು ಸಾಲು ಒಣಗಿದವು. ಅಂದಿನಿಂದ ತೇವಕ್ಕಿಂತ ಬಣ್ಣವನ್ನೇ ಜಾಸ್ತಿ ನಂಬುತ್ತೇನೆ.

ನೀರು ಇಳಿಯುವ ಪರೀಕ್ಷೆ

ಪ್ರತಿ ಗುಂಡಿಯ ಪಕ್ಕ 60 ಸೆಂ.ಮೀ. ಆಳದ ತೂತು ಹಾಕಿ, ಒಮ್ಮೆ ನೀರು ತುಂಬಿ ನೆನೆಸಿ, ಆಮೇಲೆ ತಳದಿಂದ 30 ಸೆಂ.ಮೀ. ನೀರು ನಿಲ್ಲಿಸಿ ಅಳೆದೆ. ಮೊದಲ ಗಂಟೆಯಲ್ಲಿ ಗುಂಡಿ 1ರ ಬಳಿ 7 ಸೆಂ.ಮೀ., ಗುಂಡಿ 2ರ ಬಳಿ 9 ಸೆಂ.ಮೀ. ಇಳಿಯಿತು. ಎರಡೂ ಮಾವಿಗೆ ಸಾಕು. ಗುಂಡಿ 3ರ ಬಳಿ ಇಳಿದದ್ದು 1 ಸೆಂ.ಮೀ. ಸಂಜೆ 4ಕ್ಕೆ ತುಂಬಿದ್ದು, ಮರುದಿನ ಬೆಳಿಗ್ಗೆ 8ಕ್ಕೆ ಬಂದು ನೋಡಿದರೆ 14 ಸೆಂ.ಮೀ. ನೀರು ಹಾಗೇ ನಿಂತಿತ್ತು. ಅದೂ ಬೇಸಿಗೆಯ ಒಣ ನೆಲದಲ್ಲಿ.

ಕಾಲುವೆ ತೆಗೆದರೆ ಸರಿಹೋಗಲ್ವಾ ಅಂತ ಕೇಳಿದ್ದಿರಿ. ಕಾಲುವೆ ತೆಗೆಯುವುದು ಸುಲಭ, ಆದರೆ ನೀರು ಹೋಗೋಕೆ ತಗ್ಗು ಬೇಕು. ನಿಮ್ಮ ಕೆಳಗಿನ ಬದುವಿಗೂ ಕೆರೆ ಅಂಗಳಕ್ಕೂ ನಾನು ಅಳೆದಾಗ ಸಿಕ್ಕ ವ್ಯತ್ಯಾಸ ಒಂದೂವರೆ ಅಡಿ. ಬೇರಿನ ನೀರು ಬಸಿಯಬೇಕಾದರೆ ಕಾಲುವೆ ಕಡೇಪಕ್ಷ ಮೂರು ಅಡಿ ಆಳ ಬೇಕು. ಕೆರೆ ತುಂಬಿದರೆ ನೀರು ಕಾಲುವೆಯಲ್ಲೇ ವಾಪಸ್ಸು ಬರುತ್ತದೆ. ದುಡ್ಡು ದಂಡ.

ಜೆಸಿಬಿಯಲ್ಲಿ ಮೂರಡಿ ಗುಂಡಿ ತೆಗೆದು ಒಳ್ಳೆ ಮಣ್ಣು ತುಂಬುವುದು ಇಲ್ಲಿ ಇನ್ನೂ ಕೆಟ್ಟದ್ದು. ಸುತ್ತ ಜೇಡಿ, ನಡುವೆ ಸಡಿಲ ಮಣ್ಣು. ಅದು ಗುಂಡಿಯಾಗಿ ಉಳಿಯುವುದಿಲ್ಲ, ಹಂಡೆಯಾಗುತ್ತದೆ. ಸುತ್ತಲಿನ ನೀರೆಲ್ಲ ಬಂದು ಅದರಲ್ಲೇ ನಿಲ್ಲುತ್ತದೆ.

ಮಾಡಬೇಕಾದ್ದು

ಮೇಲಿನ ಎರಡು ಭಾಗದಲ್ಲಿ ಮೊದಲು ನೀಲಗಿರಿ ಬೊಡ್ಡೆ ಮತ್ತು ದಪ್ಪ ಬೇರು ಪೂರ್ತಿ ತೆಗೆಸಿ. ಗೆದ್ದಲು ಅಲ್ಲಿಂದಲೇ ಹೊಸ ಗಿಡಕ್ಕೆ ಬರುತ್ತದೆ. ಆಮೇಲೆ ಟ್ರ್ಯಾಕ್ಟರ್‌ಗೆ ಗಟ್ಟಿ ಪದರ ಸೀಳುವ ಸಬ್‌ಸಾಯ್ಲರ್ ಕಟ್ಟಿ 40 ಸೆಂ.ಮೀ. ಆಳಕ್ಕೆ ಎಳೆಸಿ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಕೊನೆಯ ಸಲ ಇಳಿಜಾರಿಗೆ ಅಡ್ಡವಾಗಿಯೇ ಇರಲಿ. ಇದನ್ನು ಈಗಲೇ, ಮಣ್ಣು ಒಣಗಿರುವಾಗಲೇ ಮಾಡಿಸಬೇಕು. ಮುಂಗಾರು ಮಳೆ ಬಿದ್ದು ಹಸಿಯಾದ ಮೇಲೆ ಹಲಗೆ ಒಡೆಯುವುದಿಲ್ಲ, ಸುಮ್ನೆ ಗೀರು ಬೀಳುತ್ತದೆ ಅಷ್ಟೆ.

ಗಿಡಕ್ಕೆ ಮೂರಡಿ ಗುಂಡಿ ಸಾಕು. ಜೆಸಿಬಿ ಬಕೆಟ್ ಉಜ್ಜಿ ನುಣುಪಾದ ಗೋಡೆಯನ್ನು ಹಾರೆಯಲ್ಲಿ ಕೆತ್ತಿ ಒರಟು ಮಾಡಿ. ತುಂಬುವಾಗ ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ. ಕೆರೆ ಗೋಡನ್ನೇ ತುಂಬಬೇಡಿ, ಬೇಕಿದ್ದರೆ ಗುಂಡಿ 2ರ ಭಾಗದಲ್ಲಿ ನೆಲದ ಮೇಲೆ ತೆಳ್ಳಗೆ ಹರಡಿ. ಮಣ್ಣು ಕುಸಿಯುತ್ತದೆ, ಆದ್ದರಿಂದ ನೆಲಕ್ಕಿಂತ ಅರ್ಧ ಅಡಿ ಎತ್ತರ ಬಿಡಿ. ಕಸಿ ಕಟ್ಟಿದ ಗಂಟು ಮಣ್ಣಿನ ಮೇಲೆಯೇ ಇರಬೇಕು. 10 ಮೀಟರ್ ಅಂತರಕ್ಕೆ ಎಕರೆಗೆ 40 ಗಿಡ. ಬದು, ದಾರಿ ಕಳೆದು 120 ಗಿಡಕ್ಕೆ ಆರ್ಡರ್ ಕೊಡಿ. ನರ್ಸರಿಯವರಿಗೆ ಹೇಳಿರುವ 175 ಬೇಡ.

ಕೆಳಗಿನ ಭಾಗದಲ್ಲಿ ನನ್ನ ಸಲಹೆ ಕೃಷಿ ಹೊಂಡ. ಮಾವಿಗೆ ಬೇಡವಾದ ಜೇಡಿ ನೀರು ಹಿಡಿಯೋಕೆ ಬೇಕಾದ ಜೇಡಿಯೇ. ಮೇಲಿನ ತೋಟದಿಂದ ಹರಿದ ನೀರು ಅಲ್ಲಿಗೇ ಬರುತ್ತದೆ, ಬೇಸಿಗೆಯಲ್ಲಿ ಬೋರ್‌ವೆಲ್ ಮೇಲಿನ ಭಾರ ಇಳಿಯುತ್ತದೆ. ಸಹಾಯಧನದ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ. ಉಳಿದ ಜಾಗಕ್ಕೆ ಮೇವಿನ ಹುಲ್ಲು, ಬದುವಿನ ಮೇಲೆ ಹೊಂಗೆ.

ಪಿಎಚ್ ಎಲ್ಲವೂ ಹೊಲದಲ್ಲಿ ಪರೀಕ್ಷೆಯ ಕಾಗದದ ಪಟ್ಟಿ ಹಚ್ಚಿ ನೋಡಿದ್ದು. ಮೂರೂ ಗುಂಡಿಯಿಂದ ಪದರವಾರು ಮಣ್ಣಿನ ಚೀಲ ಕಟ್ಟಿ, ಗುರುತು ಹಾಕಿ ನಿಮ್ಮ ಮನೆ ಜಗುಲಿಯ ಮೇಲೆ ಇಟ್ಟಿದ್ದೇನೆ. ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಟ್ಟು ಪೋಷಕಾಂಶ ಮತ್ತು ಉಪ್ಪಿನಂಶ ನೋಡಿಸಿ. ಗೊಬ್ಬರದ ಲೆಕ್ಕ ಅದು ಬಂದ ಮೇಲೆ.

ಗುಂಡಿ 1 ಮತ್ತು 2 ಮುಚ್ಚಿಸಬಹುದು, ತಳದ ಮಣ್ಣು ತಳಕ್ಕೆ, ಮೇಲಿನದು ಮೇಲಕ್ಕೆ. ಗುಂಡಿ 3ನ್ನು ಮುಚ್ಚಬೇಡಿ. ದನ ಕರು ಬೀಳದ ಹಾಗೆ ಮುಳ್ಳಿನ ಬೇಲಿ ಕಟ್ಟಿ. ಅದರಿಂದ ಹತ್ತು ಹೆಜ್ಜೆ ಮೇಲಕ್ಕೆ ತೂತು ಕೊರೆದ ಎರಡಿಂಚಿನ ಪಿವಿಸಿ ಪೈಪ್ ಒಂದು ಮೀಟರ್ ಇಳಿಸಿದ್ದೇನೆ, ಮುಚ್ಚಳ ಹಾಕಿದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ವಾರಕ್ಕೊಮ್ಮೆ ಕೋಲು ಇಳಿಸಿ ನೀರಿನ ಮಟ್ಟ ಬರೆದಿಡಿ. ನೀರು ಎಲ್ಲಿಯವರೆಗೆ ಮೇಲೆ ಬರುತ್ತದೆ ಅಂತ ಗೊತ್ತಾದರೆ ಕೊನೆಯ ಸಾಲು ಮಾವನ್ನು ಎಲ್ಲಿ ನಿಲ್ಲಿಸಬೇಕು ಅಂತ ಗೂಟ ಹೊಡೆದು ತೋರಿಸುತ್ತೇನೆ. ಅಲ್ಲಿಯವರೆಗೆ ಆ ಕಡೆಯ ಎರಡು ಸಾಲು ಖಾಲಿ ಇರಲಿ.