ಹೂಳು ಏರಿದಂತೆ ಹಕ್ಕಿ ಬದಲು: ಗೋವಾದ ನಂದಾ ಕೆರೆಯ ದಡದಿಂದ

ದಕ್ಷಿಣ ಗೋವಾದ ಕುಡಚಡೆಯ ನಂದಾ ಕೆರೆ 42 ಹೆಕ್ಟೇರಿನ ಜೌಗು. ಪಕ್ಕದಲ್ಲೇ ಜುವಾರಿಯ ಉಪನದಿ. 2022ರಲ್ಲಿ ಜಗತ್ತಿನ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಗೋವಾದಿಂದ ಇದೇ ಮೊದಲು. ಹೆಸರು ದೊಡ್ಡದಾದರೂ ಕೆಲಸ ನಮ್ಮ ಹಾವೇರಿ ಕಡೆಯ ಕೆರೆಗಳದ್ದೇ: ಮಳೆಗಾಲ ಮುಗಿದ ಮೇಲೂ ನೀರು ಹಿಡಿದಿಟ್ಟು ಕೆಳಗಿನ ಭತ್ತದ ಗದ್ದೆಗೆ ಕೊಡುವುದು.

ಮಡಗಾಂವಿನಿಂದ ನಾವು ಮೂವರು ಕನ್ನಡಿಗರು ಚಳಿಗಾಲದ ಭಾನುವಾರಗಳಲ್ಲಿ ಇಲ್ಲಿಗೆ ಹೋಗುತ್ತೇವೆ. ಎಷ್ಟು ಹಕ್ಕಿ ಅಂತ ಎಣಿಸುವುದಿಲ್ಲ. ಯಾವುದು ಎಲ್ಲಿ ಮೇಯುತ್ತದೆ ಅಂತ ಬರೆದುಕೊಳ್ಳುತ್ತೇವೆ. ನೀರುಕಾಗೆ ಮುಳುಗಿ ಮೀನು ಹಿಡಿಯುವ ಹಕ್ಕಿ, ಅದಕ್ಕೆ ಆಳ ಬೇಕು. ಬೆಳ್ಳಕ್ಕಿಗೆ ಕಾಲು ಮುಳುಗುವಷ್ಟು ನೀರು ಸಾಕು. ಕೆಂಬರಲು ಕೆಸರಿಗೆ ಕೊಕ್ಕು ತೂರಿಸುತ್ತದೆ. ದೇವನಕ್ಕಿ ತೇಲುವ ಎಲೆಗಳ ಮೇಲೆ ಉದ್ದ ಬೆರಳೂರಿ ನಡೆಯುತ್ತದೆ. ಕೆರೆಯ ತಳ ಏರುಪೇರಾಗಿದ್ದರೆ ಮಾತ್ರ ಇವೆಲ್ಲಕ್ಕೂ ಒಟ್ಟಿಗೆ ಜಾಗ.

ಹೂಳು ಈ ಏರುಪೇರನ್ನೇ ಅಳಿಸುತ್ತದೆ. ಗೋವಾದ ಮಳೆ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದುಬಿಡುತ್ತದೆ. ರಸ್ತೆಗೋ ಮನೆಗೋ ಗುಡ್ಡ ಕಡಿದರೆ ಕೆಂಪು ಮಣ್ಣು ಸೀದಾ ತಗ್ಗಿಗೆ ಬರುತ್ತದೆ. ಅಂಥ ತಗ್ಗೇ ಕೆರೆ ಅಲ್ವಾ? 42 ಹೆಕ್ಟೇರಿನಲ್ಲಿ ಎಲ್ಲ ಕಡೆ ಬರೀ 10 ಸೆಂಟಿಮೀಟರ್ ಹೂಳು ಕೂತರೂ 4.2 ಕೋಟಿ ಲೀಟರ್ ನೀರಿನ ಜಾಗ ಹೋಯಿತು. ಆದರೂ ನೋಡುವವರಿಗೆ ಕೆರೆ ತುಂಬಿದ ಹಾಗೇ ಕಾಣುತ್ತದೆ, ಇದೇ ಮೋಸ. ಶುರುವಿನಲ್ಲಿ ಬೆಳ್ಳಕ್ಕಿಗಳು ಜಾಸ್ತಿಯೂ ಆಗುತ್ತವೆ! ಆಮೇಲೆ ಜೊಂಡು ಹಬ್ಬುತ್ತದೆ.

ದಡದಲ್ಲಿ ಗಾಳ ಹಾಕಿ ಕೂತಿದ್ದ ಗದಗಿನ ಗಾರೆ ಕೆಲಸದವರೊಬ್ಬರು ಇದನ್ನೇ ಹೇಳಿದರು: "ನೀರ ಐತ್ರಿ ಸರ, ಆಳ ಇಲ್ಲ. ಮೀನ ಬ್ಯಾಸಗ್ಯಾಗ ಎಲ್ಲಿ ಹೋಗಬೇಕು?" ಅವರ ಮಾತು ಸರಿ. ಆಳವಿಲ್ಲದ ನೀರು ಬೇಗ ಕಾಯುತ್ತದೆ, ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ. ಕೊರವ ಮೀನು ಮೇಲೆ ಬಂದು ಗಾಳಿ ಕುಡಿದು ಬದುಕುತ್ತದೆ. ಗೆಂಡೆ ಜಾತಿಯವಕ್ಕೆ ಆ ದಾರಿ ಇಲ್ಲ.

ಹಾಗಂತ ಜೆಸಿಬಿ ಇಳಿಸಿ ಇಡೀ ಕೆರೆಯನ್ನು ತೊಟ್ಟಿ ಥರ ಕೆತ್ತಿಬಿಟ್ಟರೆ? ನನ್ನ ಊರಿನ ಕೆರೆಗೆ ಹಾಗೇ ಆಯಿತು. ನೀರು ನಿಂತಿತು, ಕೆಂಬರಲು ಬರಲಿಲ್ಲ. ದಡ ಗೋಡೆಯಂತೆ ನಿಂತರೆ ಅದು ಕಾಲೂರುವುದೆಲ್ಲಿ? ಒಂದು ಬೇಸಿಗೆಗೆ ಒಂದು ಮೂಲೆಯಷ್ಟೇ ತೆಗೆಯಬೇಕು, ದಡ ಇಳಿಜಾರಾಗಿಯೇ ಉಳಿಯಬೇಕು, ಒಂದೆರಡು ಕಡೆ ಮೀನಿಗೆ ಆಳದ ಗುಂಡಿ ಇರಬೇಕು. ತೆಗೆದ ಹೂಳು ಗದ್ದೆಗೆ ಒಳ್ಳೆಯ ಗೊಬ್ಬರ, ನಮ್ಮಜ್ಜ ಗಾಡಿ ಕಟ್ಟಿ ಒಯ್ಯುತ್ತಿದ್ದರು. ಗೋವಾದಲ್ಲೂ ಹಿಂದೆ ಊರ ಮೂಲ ಮನೆತನದವರಾದ ಗಾಂವ್ಕಾರರೇ ಕೆರೆ, ಏರಿ, ಕಾಲುವೆ ನೋಡಿಕೊಳ್ಳುತ್ತಿದ್ದರು.

ಮುಂದಿನ ಮಳೆಗಾಲಕ್ಕೆ ನಮ್ಮ ಕೆಲಸ ಸಣ್ಣದು. ನೀರು ಒಳಬರುವ ಬಾಯಿಯ ಹತ್ತಿರ ಗುರುತು ಹಾಕಿದ ಬಿದಿರು ಕೋಲು ನೆಡುತ್ತೇವೆ. ಅಕ್ಟೋಬರಿನಲ್ಲಿ ಹೋಗಿ ಮಣ್ಣು ಎಷ್ಟು ಗೆಣ್ಣು ಮುಚ್ಚಿದೆ ನೋಡುತ್ತೇವೆ.