ವಿಷಯ: ನವೆಂಬರ್ 24ರ ಬಿಲ್ ಓದಲು ಆಗುತ್ತಿಲ್ಲ, ಸ್ಪಷ್ಟವಾದ ಸ್ಕ್ಯಾನ್ ಕಳಿಸಿಕೊಡಿ

ನಮಸ್ಕಾರ ಸರ್,

ನಾನು ಮಂಡ್ಯ ಪೇಟೆ ಬೀದಿಯ ಪೈಪ್ ಅಂಗಡಿಯ ಮಹದೇವು. ನವೆಂಬರ್ 24ರ ಲೋಡು ಸರಿಯಾಗಿ ಬಂದಿದೆ. ಎಣಿಸಿಕೊಂಡಿದ್ದೇನೆ, ಒಂದು ಪೈಪೂ ಒಡೆದಿಲ್ಲ. ತೊಂದರೆ ಆಗಿರುವುದು ಬಿಲ್ಲಿನದು.

ಲಾರಿ ಜೊತೆ ಬಂದ ಬಿಲ್ ಡ್ರೈವರ್ ಜೇಬಿನಲ್ಲೇ ಬೆವರಿಗೆ ನೆನೆದು ಇಂಕು ಕಲಸಿಹೋಗಿತ್ತು. ನಾನು ಫೋನ್ ಮಾಡಿದ ಮೇಲೆ ನೀವು ಮೊನ್ನೆ ಸ್ಕ್ಯಾನ್ ಕಳಿಸಿದ್ದಿರಿ. ಬೇಗ ಕಳಿಸಿದ್ದಕ್ಕೆ ಥ್ಯಾಂಕ್ಸ್. ಆದರೆ ಅದು ಕಾರ್ಬನ್ ಕಾಪಿಯಿಂದ ತೆಗೆದದ್ದು ಅಂತ ಕಾಣುತ್ತದೆ. ಕಾಗದ ಮಡಚಿದ ಜಾಗದಲ್ಲಿ ಒಂದು ದಪ್ಪ ಕರಿ ಗೆರೆ ಬಂದಿದೆ. ಆ ಗೆರೆ ಸರಿಯಾಗಿ ಲ್ಯಾಟರಲ್ ಪೈಪಿನ ಸಾಲಿನ ಮೇಲೇ ಕೂತಿದೆ. ದೊಡ್ಡದು ಮಾಡಿ ನೋಡಿದೆ, ಮಗನ ಲ್ಯಾಪ್‌ಟಾಪಿನಲ್ಲೂ ನೋಡಿದೆ. ಅಕ್ಷರ ಇನ್ನೂ ಒಡೆದುಹೋಗುತ್ತವೆ ಅಷ್ಟೆ.

ಓದಲು ಆಗುತ್ತಿರುವುದು ಇಷ್ಟು: 63 ಎಂಎಂ ಪಿವಿಸಿ ಪೈಪು 40, ರೇಟು 410. ಒಂದು ಇಂಚಿನ ಬಾಲ್ ವಾಲ್ವ್ 60, ರೇಟು 95. ಎರಡೂ ಸೇರಿ 22,100, ಅದಕ್ಕೆ ಶೇ. 18ರಂತೆ 3,978 ಟ್ಯಾಕ್ಸು, ಒಟ್ಟು 26,078. ಇಲ್ಲಿಯವರೆಗೆ ನಮ್ಮ ಲೆಕ್ಕಕ್ಕೂ ತಾಳೆಯಾಗುತ್ತದೆ.

ಸಿಕ್ಕಿಕೊಂಡಿರುವುದು 16 ಎಂಎಂ ಲ್ಯಾಟರಲ್‌ನಲ್ಲಿ. ನೂರು ಮೀಟರಿನ 14 ರೋಲ್ ಬಂದಿವೆ. ರೇಟು 1,150 ಇದೆಯೋ 1,450 ಇದೆಯೋ ಗೊತ್ತಾಗುತ್ತಿಲ್ಲ. ಶೇ. 5ರ ಟ್ಯಾಕ್ಸ್ ಹಾಕಿ ನೋಡಿದರೆ ಬಿಲ್ಲಿನ ಮೊತ್ತ ಒಂದು ಲೆಕ್ಕದಲ್ಲಿ 42,983, ಇನ್ನೊಂದರಲ್ಲಿ 47,393. ಅಂದರೆ 4,410 ರೂಪಾಯಿ ವ್ಯತ್ಯಾಸ. ಕೆಳಗಿನ ಒಟ್ಟು ಮೊತ್ತದಲ್ಲಿ ಮೊದಲಿನ 4 ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹಳೇ ರೇಟು ಈಗಿಲ್ಲ ಅಂತ ಆರ್ಡರ್ ಕೊಡುವಾಗ ನೀವೇ ಹೇಳಿದ್ದಿರಿ, ಹಾಗಾಗಿ ಹಳೇ ಬಿಲ್ ನೋಡಿ ಅಂದಾಜು ಮಾಡುವ ಹಾಗೂ ಇಲ್ಲ. ಸೆಪ್ಟೆಂಬರ್ 22ರಿಂದ ಹನಿ ನೀರಾವರಿ ಲ್ಯಾಟರಲ್‌ಗೆ ಶೇ. 12 ಹೋಗಿ ಶೇ. 5 ಆಗಿದೆಯಲ್ವಾ, ಬಿಲ್ಲಿನಲ್ಲಿ ಯಾವುದು ಹಾಕಿದ್ದೀರಿ ಅನ್ನುವುದೂ ಆ ಗೆರೆಯ ಕೆಳಗೇ ಇದೆ.

ಇನ್ನೆರಡು ಕಡೆ ಅನುಮಾನ ಇದೆ. ಬಿಲ್ ನಂಬರಿನ ಕೊನೆ 413 ಅಥವಾ 418. ನಮ್ಮ ಜಿಎಸ್‌ಟಿ ನಂಬರ್ 29 ಅಂತ ಶುರುವಾಗುವುದು ಕಾಣುತ್ತದೆ, ಕೊನೆಯ ಮೂರು ಮಸಿಯಾಗಿವೆ. ಇದನ್ನು ದಯವಿಟ್ಟು ನಿಮ್ಮ ಕಂಪ್ಯೂಟರಿನಲ್ಲೂ ಒಮ್ಮೆ ನೋಡಿಬಿಡಿ. ನೀವು 11ರೊಳಗೆ ಜಿಎಸ್‌ಟಿಆರ್-1 ಹಾಕುತ್ತೀರಿ. ಅಲ್ಲಿ ಒಂದಕ್ಷರ ತಪ್ಪಿದರೂ 14ಕ್ಕೆ ನಮ್ಮ 2ಬಿಯಲ್ಲಿ ಈ ಬಿಲ್ ಬರುವುದಿಲ್ಲ. ಆಮೇಲೆ ತಿದ್ದುವುದು ಇಬ್ಬರಿಗೂ ಜಾಸ್ತಿ ಕೆಲಸ. 2ಬಿಯಲ್ಲಿ ಬಂದರೂ ಬಿಲ್ ಕೈಯಲ್ಲಿ ಇರಲೇಬೇಕು, ಇಲ್ಲದೆ ಕ್ರೆಡಿಟ್ ತೆಗೆದುಕೊಳ್ಳುವ ಹಾಗಿಲ್ಲ ಅಂತ ನಮ್ಮ ಆಡಿಟರ್ ಖಡಾಖಂಡಿತವಾಗಿ ಹೇಳಿದ್ದಾರೆ. ನಾವು 20ರೊಳಗೆ ರಿಟರ್ನ್ ಹಾಕಬೇಕು.

ಟ್ಯಾಕ್ಸಿಗಿಂತ ನನಗೆ ಹೆಚ್ಚು ಮುಜುಗರ ಆಗುತ್ತಿರುವುದು ಬೇರೆ. ಬಸರಾಳು ಕಡೆಯ ರೈತರೊಬ್ಬರು ಕಬ್ಬಿಗೆ ಅಂತ 6 ರೋಲ್ ತೆಗೆದುಕೊಂಡು ಹೋಗಿದ್ದಾರೆ. ರೇಟು ಆಮೇಲೆ ಹೇಳ್ತೀನಿ ಅಂತ ಕೊಟ್ಟು ಕಳಿಸಿದೆ. ಎರಡು ಸಲ ಬಂದು ಕೇಳಿದರು. ದುಡ್ಡು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರು. ಸುಮ್ನೆ ಒಂದು ಅಂದಾಜು ರೇಟು ಹಾಕಿ ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಹೆಚ್ಚು ತೆಗೆದುಕೊಂಡರೆ ಅವರಿಗೆ ಅನ್ಯಾಯ, ಕಡಿಮೆ ತೆಗೆದುಕೊಂಡರೆ ನನಗೆ ನಷ್ಟ.

ಆ ಬಿಲ್ ನಿಮ್ಮ ಟ್ಯಾಲಿಯಲ್ಲೇ ಇದ್ದರೆ ಸ್ಕ್ಯಾನ್ ಮಾಡುವುದೇ ಬೇಡ. ಅಲ್ಲಿಂದಲೇ ಪಿಡಿಎಫ್ ಮಾಡಿ ಈ ಇಮೇಲಿಗೆ ಕಳಿಸಿಬಿಡಿ, ಅದಕ್ಕಿಂತ ಸ್ಪಷ್ಟವಾದದ್ದು ಇನ್ನಿಲ್ಲ. ಕೈಬರಹದ ಬಿಲ್ ಪುಸ್ತಕವೇ ಆದರೆ ನಿಮ್ಮ ಹತ್ತಿರ ಇರುವ ಪ್ರತಿಗಳಲ್ಲಿ ಅಚ್ಚು ಚೆನ್ನಾಗಿ ಮೂಡಿರುವುದನ್ನು ಮಡಿಕೆ ಬಿಡಿಸಿ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಮೊಬೈಲಿನಲ್ಲಿ ತೆಗೆಯುವುದಾದರೆ ಕಿಟಕಿ ಬೆಳಕಿನಲ್ಲಿ ಟೇಬಲ್ ಮೇಲೆ ಇಟ್ಟು, ನಾಲ್ಕೂ ಮೂಲೆ ಬರುವ ಹಾಗೆ ತೆಗೆದರೆ ಸಾಕು. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಆದರೆ ಅದು ಕುಗ್ಗಿ ಮತ್ತೆ ಮಸುಕಾಗುತ್ತದೆ.

ನೀವು ಕಳಿಸಿದ್ದ ಸ್ಕ್ಯಾನನ್ನೂ ಇದರ ಜೊತೆ ಹಾಕಿದ್ದೇನೆ. ಕಾಣದ ಜಾಗಗಳಿಗೆ ಕೆಂಪು ಸುತ್ತು ಹಾಕಿದ್ದೇನೆ, ನಿಮಗೆ ಹುಡುಕುವ ಕೆಲಸ ಇರುವುದಿಲ್ಲ.

ಡಿಸೆಂಬರ್ 10, ಬುಧವಾರದೊಳಗೆ ಬಂದರೆ ತುಂಬಾ ಉಪಕಾರ. ಬಿಲ್ ತಡವಾಗುವುದಾದರೆ ಲ್ಯಾಟರಲ್ ರೇಟು ಒಂದನ್ನಾದರೂ ಇವತ್ತು ಫೋನಿನಲ್ಲಿ ಹೇಳಿ, ಆ ರೈತರಿಗೆ ಹೇಳಿ ಕಳಿಸುತ್ತೇನೆ. ದುಡ್ಡಿನ ಬಗ್ಗೆ ಯೋಚನೆ ಬೇಡ. ಮೊತ್ತ ಖಚಿತವಾದ ದಿನವೇ ನಿಮ್ಮ ಅಕೌಂಟಿಗೆ ಹಾಕುತ್ತೇನೆ.

ಇಂತಿ,
ಮಹದೇವು
ಪೇಟೆ ಬೀದಿ, ಮಂಡ್ಯ
8-12-2025