ನಮ್ಮ ಟ್ರಸ್ಟಿನ ಲೆಕ್ಕಪತ್ರವನ್ನು ಓದುವ ಬಗೆ

ಈ ಸಂಚಿಕೆಯ ನಡುಪುಟಗಳಲ್ಲಿ ನಮ್ಮ ವಿದ್ಯಾರ್ಥಿನಿಲಯ ಟ್ರಸ್ಟಿನ 2024-25ನೇ ಸಾಲಿನ ಪರಿಶೋಧಿತ ಲೆಕ್ಕಪತ್ರಗಳು ಅಚ್ಚಾಗಿವೆ. ಪ್ರತಿವರ್ಷವೂ ಅಚ್ಚಾಗುತ್ತವೆ, ನಮ್ಮಲ್ಲಿ ಬಹುಮಂದಿ ಆ ಪುಟಗಳನ್ನು ಮಗುಚಿ ಮುಂದಿನ ಮದುವೆ, ನಿಧನದ ಸುದ್ದಿಗಳಿಗೆ ಹೋಗುತ್ತೇವೆ. ಕಳೆದ ವಾರ್ಷಿಕ ಸಭೆಯಲ್ಲಿ ಹಿರಿಯ ದಾನಿಯೊಬ್ಬರು ಎದ್ದು ನಿಂತು, "ಮೂರು ಪಟ್ಟಿ ಕೊಡುತ್ತೀರಿ, ಮೂರರಲ್ಲೂ ಬೇರೆ ಬೇರೆ ಮೊತ್ತ, ಯಾವುದನ್ನು ನಂಬಬೇಕು?" ಎಂದು ಕೇಳಿದಾಗ ವೇದಿಕೆಯ ಮೇಲಿದ್ದವರು ನಕ್ಕರು. ಆದರೆ ಆ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಇಂಥ ಹಾಳೆಗಳನ್ನು ಓದಿದ ಅನುಭವದ ಮೇಲೆ ಅದಕ್ಕೆ ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ನಡುಪುಟವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಬೇಕಾಗಿ ವಿನಂತಿ.

ಮೂರು ಹಾಳೆಗಳೂ ಒಂದೇ ವರ್ಷದ ಕತೆಯನ್ನೇ ಹೇಳುತ್ತವೆ, ಆದರೆ ಕೇಳುವ ಪ್ರಶ್ನೆ ಮಾತ್ರ ಬೇರೆ. ಸ್ವೀಕೃತಿ ಮತ್ತು ಪಾವತಿ ಖಾತೆ ಎಂಬ ಮೊದಲನೆಯದು ಕೈಗೆ ಮತ್ತು ಬ್ಯಾಂಕಿಗೆ ಎಷ್ಟು ಹಣ ಬಂತು, ಎಷ್ಟು ಹೊರಗೆ ಹೋಯಿತು ಎಂಬುದನ್ನಷ್ಟೇ ತಿಳಿಸುತ್ತದೆ. ಮನೆಯ ಖರ್ಚಿನ ಪುಸ್ತಕವನ್ನು ಬರೆದವರಿಗೆ ಇದು ಹೊಸತೇನಲ್ಲ. ಆದಾಯ ಮತ್ತು ವೆಚ್ಚ ಖಾತೆ ಎಂಬ ಎರಡನೆಯದು ಆ ವರ್ಷಕ್ಕೆ ಸೇರಿದ ಗಳಿಕೆ ಎಷ್ಟು, ಆ ವರ್ಷಕ್ಕೆ ಸೇರಿದ ಖರ್ಚು ಎಷ್ಟು ಎಂದು ಲೆಕ್ಕಹಾಕುತ್ತದೆ. ಹಣ ಕೈಸೇರಿತೇ ಇಲ್ಲವೇ ಎಂಬುದು ಅದಕ್ಕೆ ಮುಖ್ಯವಲ್ಲ. ಆಸ್ತಿ-ಜವಾಬ್ದಾರಿ ಪಟ್ಟಿ ಎಂಬ ಮೂರನೆಯದು 2025ರ ಮಾರ್ಚ್ 31ರ ಸಂಜೆ ಟ್ರಸ್ಟಿನ ಬಳಿ ಏನಿತ್ತು, ಅದು ಯಾವ ನಿಧಿಗೆ ಅಥವಾ ಯಾರ ಬಾಕಿಗೆ ಸೇರಿದ್ದು ಎಂದು ತೋರಿಸುವ ಒಂದು ದಿನದ ಚಿತ್ರ.

ಈಗ ಗೊಂದಲದ ಮೂಲಕ್ಕೆ ಬರೋಣ. ಎರಡನೆಯ ಹಾಳೆಯ ಕೊನೆಯಲ್ಲಿ ಆದಾಯ ರೂ. 42,75,000, ವೆಚ್ಚ ರೂ. 37,95,000, ಉಳಿಕೆ ರೂ. 4,80,000 ಎಂದಿದೆ. ಮೊದಲ ಹಾಳೆಯಲ್ಲಿ ನೋಡಿದರೆ ವರ್ಷದ ಆರಂಭದಲ್ಲಿ ನಗದು ಮತ್ತು ಬ್ಯಾಂಕ್ ಶಿಲ್ಕು ರೂ. 6,40,000 ಇದ್ದದ್ದು ಕೊನೆಗೆ ರೂ. 6,80,000 ಆಗಿದೆ. ಅಂದರೆ ಹೆಚ್ಚಾದದ್ದು ಕೇವಲ ನಲವತ್ತು ಸಾವಿರ. ಉಳಿದ ನಾಲ್ಕು ಲಕ್ಷ ನಲವತ್ತು ಸಾವಿರ ಎಲ್ಲಿ ಹೋಯಿತು ಎಂದು ಯಾರಿಗಾದರೂ ಅನುಮಾನ ಬರುವುದು ಸಹಜ, ಮತ್ತು ಲೆಕ್ಕಪತ್ರವನ್ನು ಓದುವ ಕೆಲಸ ನಿಜವಾಗಿ ಶುರುವಾಗುವುದೂ ಆ ಅನುಮಾನದಿಂದಲೇ.

ವೆಚ್ಚದ ಪಟ್ಟಿಯಲ್ಲಿ ಸವಕಳಿ ಎಂಬ ಬಾಬಿನಲ್ಲಿ ರೂ. 4,10,000 ಇದೆ. ಇದು ಯಾರಿಗೂ ಕೊಟ್ಟ ಹಣವಲ್ಲ. ಕಟ್ಟಡ ಹಳೆಯದಾಗುತ್ತಾ ಹೋಗುವುದಕ್ಕೆ ಪುಸ್ತಕದಲ್ಲಿ ವರ್ಷವರ್ಷ ಕಳೆಯುವ ಮೊತ್ತ. ನಮ್ಮ ಕಟ್ಟಡಕ್ಕೆ ಶೇಕಡ 10ರ ದರ ಹಿಡಿಯಲಾಗಿದೆ. ಹಣ ಹೊರಗೆ ಹೋಗದ ಕಾರಣ ಇದನ್ನು ಉಳಿಕೆಗೆ ಮತ್ತೆ ಕೂಡಿಸಬೇಕು; ಆಗ ರೂ. 8,90,000 ಆಗುತ್ತದೆ. ಇದಕ್ಕೆ ಈ ವರ್ಷ ಬಂದ ಮೂಲನಿಧಿ ದೇಣಿಗೆ ರೂ. 10,00,000 ಸೇರಿಸಿದರೆ ರೂ. 18,90,000. ಮಾರ್ಚ್ ತಿಂಗಳ ದಿನಸಿ ಬಾಕಿ ರೂ. 95,000 ಇನ್ನೂ ಕೊಟ್ಟಿಲ್ಲ. ಅದೇ ಹೊತ್ತಿಗೆ ವಿದ್ಯಾರ್ಥಿಗಳಿಂದ ರೂ. 60,000 ಶುಲ್ಕ, ಬ್ಯಾಂಕಿನಿಂದ ರೂ. 35,000 ಬಡ್ಡಿ ಬರಬೇಕಿದೆ. ಕಾಕತಾಳೀಯವಾಗಿ ಇವೆರಡೂ ಸರಿಹೋಗುತ್ತವೆ. ಇನ್ನು ಖರ್ಚಿನ ಹಾಳೆಗೆ ಬಾರದೆ ಹೊರಗೆ ಹೋದ ಹಣ: ಎರಡನೇ ಮಹಡಿಗೆ ರೂ. 9,50,000, ಠೇವಣಿಯಲ್ಲಿ ನಿವ್ವಳ ಹೆಚ್ಚಳ ರೂ. 7,00,000, ಗುತ್ತಿಗೆದಾರರಿಗೆ ಮುಂಗಡ ರೂ. 2,00,000. ಒಟ್ಟು ರೂ. 18,50,000. ಹದಿನೆಂಟು ಲಕ್ಷ ತೊಂಬತ್ತು ಸಾವಿರದಿಂದ ಇದನ್ನು ಕಳೆದರೆ ಉಳಿಯುವುದು ನಲವತ್ತು ಸಾವಿರ. ಒಂದು ಕಾಗದದ ಮೇಲೆ ನೀವೇ ಒಮ್ಮೆ ಹೀಗೆ ಬರೆದು ನೋಡಿದರೆ ಸಾಕು, ಮೂರು ಹಾಳೆಗಳು ಒಂದಕ್ಕೊಂದು ಹೇಗೆ ಕೊಂಡಿ ಹಾಕಿಕೊಂಡಿವೆ ಎಂಬುದು ಕಾಣುತ್ತದೆ. ಕೊಂಡಿ ಕೂಡದಿದ್ದರೆ ಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಮೂಲನಿಧಿ ಎಂಬ ಪದವನ್ನು ಸ್ವಲ್ಪ ನಿಂತು ನೋಡಬೇಕು. ದಾನಿಯು "ಇದನ್ನು ಮೂಲನಿಧಿಗೆ ಸೇರಿಸಿ" ಎಂದು ಲಿಖಿತವಾಗಿ ಸೂಚಿಸಿ ಕೊಟ್ಟ ಹಣ ಮಾತ್ರ ಮೂಲನಿಧಿಯಾಗುತ್ತದೆ; ಅಸಲನ್ನು ಹಾಗೆಯೇ ಇಟ್ಟು ಬಡ್ಡಿಯನ್ನು ಬಳಸುವುದು ರೂಢಿ. ಅದು ವರ್ಷದ ಆದಾಯವಲ್ಲವಾದ್ದರಿಂದ ಎರಡನೆಯ ಹಾಳೆಯಲ್ಲಿ ಕಾಣುವುದಿಲ್ಲ, ನೇರವಾಗಿ ಮೂರನೆಯದಕ್ಕೆ ಹೋಗುತ್ತದೆ. ನಮ್ಮಲ್ಲಿ ಅದು ಈ ವರ್ಷ ರೂ. 62 ಲಕ್ಷದಿಂದ ರೂ. 72 ಲಕ್ಷಕ್ಕೆ ಏರಿದೆ. ಎಡಬದಿಯಲ್ಲಿ ಆ ಅಂಕಿಯನ್ನು ಕಂಡ ಕೂಡಲೇ ಕಣ್ಣು ಬಲಬದಿಯ ಠೇವಣಿಯ ಸಾಲಿಗೆ ಹೋಗಬೇಕು. ಅಲ್ಲಿ ರೂ. 82 ಲಕ್ಷ ಇದೆ, ಆದ್ದರಿಂದ ಮೂಲನಿಧಿ ಪೂರ್ತಿಯಾಗಿ ಠೇವಣಿಯಲ್ಲಿ ಭದ್ರವಾಗಿದೆ ಎನ್ನಬಹುದು. ಮೂಲನಿಧಿ 72 ಲಕ್ಷ ಎಂದು ತೋರಿಸಿ ಠೇವಣಿ 40 ಲಕ್ಷ ಮಾತ್ರ ಇದ್ದಿದ್ದರೆ, ಉಳಿದದ್ದು ಎಲ್ಲಿ ತೊಡಗಿದೆ ಎಂದು ಕೇಳುವುದು ಅಪನಂಬಿಕೆಯಲ್ಲ, ದಾನಿಯ ಕರ್ತವ್ಯ.

ಮುಂಗಡಗಳ ಬಗ್ಗೆ ನನಗೆ ವೈಯಕ್ತಿಕವಾಗಿ ಒಂದು ಎಚ್ಚರ ಇದೆ. ಹಿಂದೆ ನಾನು ದೇಣಿಗೆ ಕೊಡುತ್ತಿದ್ದ ಬೇರೊಂದು ಟ್ರಸ್ಟಿನ ಪಟ್ಟಿಯಲ್ಲಿ "ಇತರೆ ಮುಂಗಡ" ಎಂಬ ಸಾಲು ನಾಲ್ಕು ವರ್ಷ ಒಂದೇ ಮೊತ್ತದಲ್ಲಿ ಕದಲದೆ ಕುಳಿತಿತ್ತು. ಮುಂಗಡವೆಂದರೆ ಒಂದೆರಡು ವರ್ಷದಲ್ಲಿ ಕೆಲಸವಾಗಿ ಮುಗಿಯಬೇಕು ಇಲ್ಲವೇ ಹಣವಾಗಿ ಮರಳಬೇಕು. ಎರಡೂ ಆಗದಿದ್ದರೆ ಅದು ಬಹುಶಃ ಮುಂಗಡವಾಗಿ ಉಳಿದಿಲ್ಲ. ಅದಕ್ಕೇ ಕಳೆದ ವರ್ಷದ ಕಾಲಂ ಅನ್ನು ಪಕ್ಕದಲ್ಲೇ ಅಚ್ಚುಮಾಡಿರುತ್ತಾರೆ. ನಮ್ಮ ಎರಡು ಲಕ್ಷದ ಮುಂಗಡ ಈ ವರ್ಷದ್ದೇ, ಹೋದ ವರ್ಷದ ಕಾಲಂನಲ್ಲಿ ಅಲ್ಲಿ ಶೂನ್ಯವಿದೆ. ಮುಂದಿನ ವರ್ಷವೂ ಹಾಗೆಯೇ ಇದ್ದರೆ ನಾನೇ ಕೇಳುತ್ತೇನೆ.

ಇನ್ನು ಆಡಳಿತ ವೆಚ್ಚ. ಒಟ್ಟು ವೆಚ್ಚದಲ್ಲಿ ರೂ. 4,60,000, ಅಂದರೆ ಸುಮಾರು ಶೇಕಡ 12. ಇದನ್ನೊಂದೇ ಹಿಡಿದು ಟ್ರಸ್ಟುಗಳನ್ನು ಅಳೆಯುವ ಅಭ್ಯಾಸ ಈಚೆಗೆ ಬೆಳೆದಿದೆ. ನನಗೆ ಅದು ಅಷ್ಟು ಒಪ್ಪಿಗೆಯಿಲ್ಲ. ಗುಮಾಸ್ತರ ಸಂಬಳವನ್ನು ವಿದ್ಯಾರ್ಥಿನಿಲಯದ ಖರ್ಚಿಗೆ ಸೇರಿಸಿಬಿಟ್ಟರೆ ಆಡಳಿತ ವೆಚ್ಚ ತಾನಾಗಿ ಕುಗ್ಗುತ್ತದೆ. ಅದಕ್ಕಿಂತ ಉಪಯುಕ್ತವಾದ ಲೆಕ್ಕ ಬೇರೆ ಇದೆ. ನಿಲಯದ ಖರ್ಚು ರೂ. 21,85,000, ವಿದ್ಯಾರ್ಥಿಗಳು 64. ಅಂದರೆ ಒಬ್ಬೊಬ್ಬರಿಗೆ ವರ್ಷಕ್ಕೆ ಸುಮಾರು ರೂ. 34,000 ಖರ್ಚಾಗುತ್ತದೆ, ಅವರಿಂದ ಬರುವ ಶುಲ್ಕ ಸುಮಾರು ರೂ. 23,000. ನಡುವಿನ ರೂ. 11,000 ತುಂಬುವುದು ನಮ್ಮ ನಿಮ್ಮ ದೇಣಿಗೆ. ಈ ಅಂತರ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತಿದೆ ಎಂಬುದು ಯಾವ ಶೇಕಡಾವಾರಿಗಿಂತಲೂ ಹೆಚ್ಚು ಹೇಳುತ್ತದೆ.

ಆದಾಯ ತೆರಿಗೆ ಕಾಯ್ದೆಯ ಪ್ರಕಾರ ವಿನಾಯಿತಿ ಪಡೆಯುವ ಟ್ರಸ್ಟು ತನ್ನ ವರ್ಷದ ಆದಾಯದಲ್ಲಿ ಶೇಕಡ 85ರಷ್ಟನ್ನಾದರೂ ಉದ್ದೇಶಕ್ಕೆ ವಿನಿಯೋಗಿಸಬೇಕು, ಇಲ್ಲವೇ ನಿಗದಿತ ನಮೂನೆಯಲ್ಲಿ ತಿಳಿಸಿ ನಿರ್ದಿಷ್ಟ ಕೆಲಸಕ್ಕಾಗಿ ಕೂಡಿಡಬೇಕು. ಆದ್ದರಿಂದ "ಇಷ್ಟು ಉಳಿಕೆ ಇದ್ದರೂ ಮತ್ತೆ ದೇಣಿಗೆ ಕೇಳುತ್ತೀರಲ್ಲ" ಎಂಬ ಆಕ್ಷೇಪಕ್ಕೆ ಉತ್ತರ ಇಲ್ಲೇ ಇದೆ: ಕಟ್ಟಡಕ್ಕೆ ಹಾಕಿದ ಹಣವೂ ಆ ವಿನಿಯೋಗದ ಲೆಕ್ಕಕ್ಕೆ ಬರುತ್ತದೆ, ಆದರೆ ವೆಚ್ಚದ ಹಾಳೆಯಲ್ಲಿ ಅದು ಕಾಣುವುದಿಲ್ಲ. ಹೆಸರು ವಿಳಾಸಗಳಿಲ್ಲದೆ ಬಂದ ದೇಣಿಗೆ ಒಂದು ಮಿತಿ ದಾಟಿದರೆ ಅದರ ಮೇಲೆ ಶೇಕಡ 30ರ ತೆರಿಗೆ ಬೀಳುತ್ತದೆ. ಖಜಾಂಚಿಯವರು ಸಣ್ಣ ಮೊತ್ತಕ್ಕೂ ಪ್ಯಾನ್ ಸಂಖ್ಯೆ ಕೇಳಿ ಬೇಸರ ಹುಟ್ಟಿಸುವುದು ಇದರಿಂದ.

ಲೆಕ್ಕಪರಿಶೋಧಕರ ವರದಿ ಒಂದೂವರೆ ಪುಟವಿದೆ. ಅಂಕಿಗಳ ಮುಂಚೆ ಅದನ್ನೇ ಓದುವುದು ಒಳ್ಳೆಯದು. "ನಮ್ಮ ಅಭಿಪ್ರಾಯದಲ್ಲಿ ಲೆಕ್ಕಪತ್ರಗಳು ನೈಜ ಹಾಗೂ ನ್ಯಾಯಯುತ ಚಿತ್ರವನ್ನು ನೀಡುತ್ತವೆ" ಎಂದು ಷರತ್ತಿಲ್ಲದೆ ಹೇಳಿದ್ದರೆ ಅದು ನಿರಾಕ್ಷೇಪ ಅಭಿಪ್ರಾಯ. "ಈ ಕೆಳಗಿನ ವಿಷಯವನ್ನು ಹೊರತುಪಡಿಸಿ" ಎಂಬ ಮಾತು ಬಂದರೆ, ಆ ವಿಷಯ ಯಾವುದು ಎಂದು ಬೆರಳಿಟ್ಟು ಓದಬೇಕು. ಚಿತ್ರ ಸರಿಯಿಲ್ಲ ಎಂಬ ಪ್ರತಿಕೂಲ ಅಭಿಪ್ರಾಯ, ಆಧಾರ ಸಿಗದೆ ಅಭಿಪ್ರಾಯವನ್ನೇ ನೀಡದಿರುವುದು, ಇವೆರಡೂ ಗಂಭೀರ. ನಮ್ಮ ವರದಿ ನಿರಾಕ್ಷೇಪವಾಗಿದೆ, ಆದರೆ ಗಮನ ಸೆಳೆಯುವ ಟಿಪ್ಪಣಿಯೊಂದು ಇದೆ: ಮುಂಗಡದ ಬಗ್ಗೆ ಗುತ್ತಿಗೆದಾರರಿಂದ ಬಾಕಿ ದೃಢೀಕರಣ ಪತ್ರ ಇನ್ನೂ ಬಂದಿಲ್ಲ ಎಂದು. ಆಕ್ಷೇಪವಲ್ಲ, ಆದರೂ ನೆನಪಿಡಬೇಕಾದ್ದು. ಪರಿಶೋಧಕರು ಪ್ರತಿಯೊಂದು ರಸೀದಿಯನ್ನೂ ನೋಡುವುದಿಲ್ಲ, ಆಯ್ದವನ್ನು ಪರೀಕ್ಷಿಸುತ್ತಾರೆ. "ಆಡಿಟ್ ಆಗಿದೆ" ಎಂದರೆ ಪ್ರತಿ ರೂಪಾಯಿಗೂ ಯಾರೋ ಜವಾಬು ಕೊಟ್ಟಿದ್ದಾರೆ ಎಂದು ಅರ್ಥವಲ್ಲ.

ಸಹಿಯ ಕೆಳಗೆ ಹದಿನೆಂಟು ಅಂಕಿ-ಅಕ್ಷರಗಳ ಯುಡಿಐಎನ್ ಸಂಖ್ಯೆ ಇರುತ್ತದೆ. 2019ರಿಂದ ಚಾರ್ಟರ್ಡ್ ಅಕೌಂಟೆಂಟರು ಸಹಿ ಮಾಡುವ ವರದಿಗಳಿಗೆ ಇದು ಕಡ್ಡಾಯ. udin.icai.org ತಾಣದಲ್ಲಿ ಆ ಸಂಖ್ಯೆಯನ್ನು ಹಾಕಿದರೆ ವರದಿ ನಿಜವಾಗಿ ಅವರೇ ಕೊಟ್ಟದ್ದೇ ಎಂಬುದು ಯಾರಿಗಾದರೂ ತಿಳಿಯುತ್ತದೆ. ಮೊಬೈಲಿನಲ್ಲಿ ಎರಡು ನಿಮಿಷದ ಕೆಲಸ.

ನಿಮ್ಮದೇ ದೇಣಿಗೆಯ ಮಟ್ಟಿಗೆ ಇನ್ನೊಂದು ತಾಳೆ ಸಾಧ್ಯ. 80ಜಿ ವಿನಾಯಿತಿಗಾಗಿ ಟ್ರಸ್ಟು ನಿಮಗೆ ಕೊಟ್ಟ 10ಬಿಇ ಪ್ರಮಾಣಪತ್ರದಲ್ಲಿರುವ ಮೊತ್ತ ನಿಮ್ಮ ರಸೀದಿಯ ಮೊತ್ತಕ್ಕೆ ಸರಿಯಿದೆಯೇ, ಮೂಲನಿಧಿಗೆಂದು ಕೊಟ್ಟದ್ದು ಅಲ್ಲಿಯೂ ಮೂಲನಿಧಿ ಎಂದೇ ನಮೂದಾಗಿದೆಯೇ ನೋಡಿ. ನಗದಾಗಿ ಕೊಟ್ಟ ದೇಣಿಗೆ ರೂ. 2,000 ಮೀರಿದರೆ ಅದಕ್ಕೆ ಆ ವಿನಾಯಿತಿ ಸಿಗದು ಎಂಬುದೂ ತಿಳಿದಿರಲಿ.

ವಾರ್ಷಿಕ ಸಭೆ ಡಿಸೆಂಬರ್ 14ರ ಭಾನುವಾರ ಬೆಳಿಗ್ಗೆ 10.30ಕ್ಕೆ ವಿದ್ಯಾರ್ಥಿನಿಲಯದ ಸಭಾಂಗಣದಲ್ಲಿದೆ. ಬುಲೆಟಿನ್‌ನಲ್ಲಿ ಜಾಗವಿಲ್ಲದೆ ಬಿಟ್ಟಿರುವ ಅನುಬಂಧಗಳು, ಅಂದರೆ ಠೇವಣಿಗಳ ವಿವರ, ವಿದ್ಯಾರ್ಥಿವೇತನದ ಪಟ್ಟಿ, ಟ್ರಸ್ಟಿಗಳಿಗೂ ಅವರ ಬಂಧುಗಳಿಗೂ ಏನಾದರೂ ಹಣ ಸಂದಾಯವಾಗಿದೆಯೇ ಎಂಬ ಹಾಳೆ, ಅದರ ಹಿಂದಿನ ಇಡೀ ವಾರ ಬೆಳಿಗ್ಗೆ 10ರಿಂದ 1ರವರೆಗೆ ಕಚೇರಿಯಲ್ಲಿ ನೋಡಲು ಸಿಗುತ್ತವೆ. ಆ ಕೊನೆಯ ಹಾಳೆ ಈ ವರ್ಷ ಖಾಲಿಯಿದೆ. ಖಾಲಿಯಿದ್ದರೂ ತೆರೆದು ನೋಡಬಹುದು. ಓದುವಾಗ ಯಾವ ಸಾಲಿನಲ್ಲಿ ಸಿಕ್ಕಿಕೊಂಡಿರೋ ಅದರ ಪುಟ ಮತ್ತು ಸಾಲು ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಶುಕ್ರವಾರದೊಳಗೆ ಕಚೇರಿಗೆ ತಲುಪಿಸಿದರೆ, ಖಜಾಂಚಿಯವರು ಸಂಬಂಧಿಸಿದ ವೋಚರುಗಳನ್ನು ಸಭೆಗೆ ತರಲು ಒಪ್ಪಿದ್ದಾರೆ.